ಪದಚರ್ಚೆ: ‘ಟೇಕ್ ಕೇರ್’, ‘ttyl’, ‘ಬೈ ಫಾರ್ ನೌ’ – ಚಾಟ್ ಮುಗಿಸುವಾಗ ಕನ್ನಡದಲ್ಲಿ ಏನು ಬರೆಯುತ್ತೀರಿ?

ಬೆಂಗಳೂರಿನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕನ್ನಡ ಬಾರದವರಿಗೆ ರಜಾ ದಿನಗಳಲ್ಲಿ ಆಡುಮಾತಿನ ಕನ್ನಡ ಹೇಳಿಕೊಡುತ್ತೇನೆ. ಈಗ ಅವರು ವಾಟ್ಸಾಪ್‌ನಲ್ಲೂ ಕನ್ನಡದಲ್ಲೇ ಬರೆಯಲು ಶುರು ಮಾಡಿದ್ದಾರೆ. ಮಾತು ಶುರು ಮಾಡುವುದು ಅವರಿಗೆ ಕಷ್ಟವಿಲ್ಲ, ‘ಹೇಗಿದ್ದೀರಾ, ಊಟ ಆಯ್ತಾ’ ಚೆನ್ನಾಗಿಯೇ ಬರುತ್ತದೆ. ಮುಗಿಸುವಾಗ ಮಾತ್ರ ಸಿಕ್ಕಿಹಾಕಿಕೊಳ್ಳುತ್ತಾರೆ.

ಒಬ್ಬ ಹುಡುಗ ‘ಟೇಕ್ ಕೇರ್’ಗೆ ‘ಹುಷಾರ್’ ಅಂತ ಎಲ್ಲೋ ನೋಡಿ ಕಲಿತಿದ್ದ. ಮನೆ ಓನರ್ ಆಂಟಿಗೆ ‘ಆಂಟಿ, ಬಾಡಿಗೆ ಹಾಕಿದೀನಿ. ಹುಷಾರ್!’ ಅಂತ ಕಳಿಸಿದ. ಅವರು ಗಾಬರಿಯಾಗಿ ಫೋನ್ ಮಾಡಿ ‘ಯಾಕಪ್ಪಾ, ಏನಾಯ್ತು, ಯಾರಾದ್ರೂ ಏನಾದ್ರೂ ಅಂದ್ರಾ?’ ಅಂತ ಕೇಳಿದರಂತೆ. ಪದ ತಪ್ಪಲ್ಲ, ಆದರೂ ಎಲ್ಲೋ ಎಡವಿದೆ. ಎಲ್ಲಿ ಅಂತ ವಿವರಿಸಲು ನನಗೆ ಆಗಲಿಲ್ಲ.

‘ಟೇಕ್ ಕೇರ್’ಗೆ ನೀವು ಏನು ಬರೆಯುತ್ತೀರಿ? ttylಗೆ ‘ಆಮೇಲೆ ಮಾತಾಡೋಣ’ ಸಾಕಾ, ಅದಕ್ಕೆ ಅಷ್ಟೇ ಚಿಕ್ಕ ರೂಪ ಯಾರಾದರೂ ಬಳಸುತ್ತೀರಾ? ‘ಬೈ ಫಾರ್ ನೌ’ನಲ್ಲಿ ಇರುವ ‘ಸದ್ಯಕ್ಕೆ’ ಅನ್ನುವ ಭಾವ ನಮ್ಮಲ್ಲಿ ಎಲ್ಲಿ ಬರುತ್ತದೆ?

ಹಾಸನದಿಂದ

ಉತ್ತರ ಸುಲಭ. ‘ಹುಷಾರು’ ಕನ್ನಡದ ಪದವೇ ಅಲ್ಲ, ಪಾರಸಿಯಿಂದ ಬಂದದ್ದು, ಅದಕ್ಕೇ ಅಲ್ಲಿ ಒಗ್ಗಲಿಲ್ಲ. ‘ಜೋಪಾನ’ ಅಂತ ಬರೆಯಲು ಹೇಳಿ. ಹೊರಡುವಾಗ ಯಾವಾಗಲೂ ‘ಬರ್ತೀನಿ’. ‘ಹೋಗ್ತೀನಿ’ ಅನ್ನಲೇಬಾರದು, ಅಪಶಕುನ. ಹೊರಟವರು ಬರುತ್ತೇನೆ ಅನ್ನುವುದು ಕನ್ನಡದವರಲ್ಲಿ ಮಾತ್ರ ಇರುವ ಪದ್ಧತಿ, ಅದನ್ನು ಬಿಡಬಾರದು.

ಮೈಸೂರಿನಿಂದ

ಹಾಸನದವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ‘ಹುಷಾರು’ ಪಾರಸಿಯಿಂದ ಬಂದದ್ದು ನಿಜ, ಆದರೆ ಆ ಆಂಟಿ ಗಾಬರಿಯಾದದ್ದು ಅದಕ್ಕಲ್ಲ. ‘ಮೈ ಹುಷಾರಿಲ್ಲ’ ಅಂತ ದಿನಾ ಅನ್ನುವ ನಮಗೆ ಆ ಪದ ಹೊರಗಿನದು ಅನಿಸುವುದೇ ಇಲ್ಲ. ತೊಂದರೆ ಏನೆಂದರೆ ‘ಹುಷಾರ್’ ಒಂಟಿಯಾಗಿ ನಿಂತರೆ ಎಚ್ಚರಿಕೆ, ಒಮ್ಮೊಮ್ಮೆ ಬೆದರಿಕೆ. ಪಕ್ಕದಲ್ಲಿ ಒಂದು ಕ್ರಿಯಾಪದ ಬಂದಾಗ ಅದು ಕಾಳಜಿ ಆಗುತ್ತದೆ: ‘ಹುಷಾರಾಗಿ ಹೋಗಿ’, ‘ಮಳೆ ಜಾಸ್ತಿ ಇದೆ, ಹುಷಾರಾಗಿ ಗಾಡಿ ಓಡ್ಸು’. ‘ಜೋಪಾನ’ ಕೂಡ ಅಷ್ಟೆ. ದೂರ ಹೊರಟವರಿಗೆ, ಮಗು ಎತ್ತಿಕೊಂಡವರಿಗೆ, ದುಡ್ಡು ಇಟ್ಟುಕೊಂಡವರಿಗೆ ಹೇಳುತ್ತೇವೆ. ಮನೆಯಲ್ಲಿ ಆರಾಮಾಗಿ ಕೂತಿರುವ ಆಂಟಿಗೆ ‘ಜೋಪಾನ’ ಅಂದಿದ್ದರೂ ಅವರು ಫೋನ್ ಮಾಡುತ್ತಿದ್ದರು.

ಇಂಗ್ಲಿಷ್‌ನ ‘ಟೇಕ್ ಕೇರ್’ ಯಾರಿಗೆ ಬೇಕಾದರೂ, ಯಾವ ಕಾರಣವೂ ಇಲ್ಲದೆ ಹೇಳಬಹುದಾದ ಮಾತು. ಕನ್ನಡದಲ್ಲಿ ಕಾಳಜಿಗೆ ಒಂದು ಕಾರಣ ಬೇಕು. ‘ತಲುಪಿದ ಮೇಲೆ ಮೆಸೇಜ್ ಹಾಕಿ’, ‘ಮಾತ್ರೆ ಬಿಡಬೇಡಿ’, ‘ಜಾಸ್ತಿ ಹೊತ್ತು ಎದ್ದಿರ್ಬೇಡ, ಮಲ್ಕೋ’. ನಮ್ಮ ‘ಟೇಕ್ ಕೇರ್’ ಇವೇ. ಕಾರಣ ಏನೂ ಇಲ್ಲದಿದ್ದರೆ ಹೇಳುವುದೇ ಬೇಡ. ‘ಬಾಡಿಗೆ ಹಾಕಿದೀನಿ ಆಂಟಿ, ಒಂದ್ಸಲ ನೋಡ್ಬಿಡಿ’ ಅಂದರೆ ಮಾತು ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ ನಿಮ್ಮ ಕಲಿಯುವವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಮುಗಿಸುವ ಮಾತಿನಲ್ಲಿ ಕ್ರಿಯಾಪದ ಯಾರ ಕಡೆ ತಿರುಗಿದೆ ಅಂತ ನೋಡಿ. ‘ಬರ್ತೀನಿ’, ‘ಸಿಗ್ತೀನಿ’ ನನ್ನ ಕಡೆ. ‘ಸಿಗೋಣ’, ‘ಮಾತಾಡೋಣ’ ಇಬ್ಬರ ಕಡೆ. ‘ಹುಷಾರಾಗಿರು’, ‘ಹುಷಾರಾಗಿರಿ’ ಎದುರಿನವರ ಕಡೆ, ಹಾಗಾಗಿ ನೀನು ಅನ್ನಬೇಕಾ ನೀವು ಅನ್ನಬೇಕಾ ಅಂತ ಅಲ್ಲೇ ತೀರ್ಮಾನ ಮಾಡಬೇಕು. ಹೊಸದಾಗಿ ಪರಿಚಯ ಆದವರ ಜೊತೆ, ನಮಗಿಂತ ಎರಡು ಮೂರು ವರ್ಷ ಚಿಕ್ಕವರಿರಬಹುದು ಅನಿಸುವವರ ಜೊತೆ ಇದೇ ಕಷ್ಟ. ‘ಸಿಗೋಣ’ ಅಂದರೆ ಆ ತೀರ್ಮಾನವೇ ಬೇಡ. ಆಫೀಸ್ ಚಾಟ್‌ಗಳಲ್ಲಿ ‘ಸಿಗೋಣ’ ಅಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

‘ಬರ್ತೀನಿ’ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ತಮಿಳರು ‘ಪೋಯಿಟ್ಟು ವರೇನ್’ ಅನ್ನುತ್ತಾರೆ, ಮರಾಠಿಯಲ್ಲಿ ಗಂಡಸರು ‘ಯೇತೋ’, ಹೆಂಗಸರು ‘ಯೇತೇ’ ಅನ್ನುತ್ತಾರೆ. ‘ಬೈ ಫಾರ್ ನೌ’ನ ‘ಸದ್ಯಕ್ಕೆ’ ಇದರ ಒಳಗೇ ಇದೆ, ಮತ್ತೆ ಬರುತ್ತೇನೆ ಅಂದಮೇಲೆ ಈ ಹೊರಡುವುದು ಸದ್ಯಕ್ಕೆ ಮಾತ್ರ ಅಂತ ತಾನೇ? ಆದರೆ ಚಾಟ್‌ನಲ್ಲಿ ಒಂದು ಅಪಾಯ ಇದೆ. ಎದುರಿಗೆ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾ ‘ಬರ್ತೀನಿ’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಗೃಹಪ್ರವೇಶದ ಕರೆಯೋಲೆ ಬಂದಮೇಲೆ ನಾಲ್ಕು ಮಾತಾಡಿ ‘ಸರಿ, ಬರ್ತೀನಿ’ ಅಂತ ಬರೆದು ನೋಡಿ. ಊಟದ ಲೆಕ್ಕದಲ್ಲಿ ನಿಮ್ಮ ಹೆಸರು ಸೇರಿರುತ್ತದೆ.

ಚಿತ್ರದುರ್ಗದಿಂದ

ಪತ್ರದ ಕೊನೆಯಲ್ಲಿ ಏನು ಬರೆಯಬೇಕು ಅಂತ ಕೇಳಿದ್ದೀರಿ. ಹಿರಿಯರಿಗೆ ಬರೆದರೆ ‘ಇಂತಿ ನಮಸ್ಕಾರಗಳು’, ಅರ್ಜಿ ಆದರೆ ‘ತಮ್ಮ ವಿಶ್ವಾಸಿ’. ನಮ್ಮ ತಂದೆಯವರು ಇನ್‌ಲ್ಯಾಂಡ್ ಲೆಟರ್‌ನಲ್ಲಿ ಜಾಗ ಮುಗಿಯುತ್ತಾ ಬಂದಾಗ ಅಂಚಿನಲ್ಲಿ ‘ಮಿಕ್ಕ ವಿಷಯ ಮುಖತಃ’ ಅಂತ ಬರೆದು, ಮನೆಯ ಹಿರಿಯರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ತಿಳಿಸಿ ಮುಗಿಸುತ್ತಿದ್ದರು. ಇದನ್ನೆಲ್ಲ ಈಗಿನವರಿಗೆ ಹೇಳಿಕೊಡುವುದು ಒಳ್ಳೆಯದು.

ಮೈಸೂರಿನಿಂದ

ಕೇಳಿದ್ದು ಚಾಟ್ ಬಗ್ಗೆ ಸಾರ್, ಆದರೂ ನಿಮ್ಮ ತಂದೆಯವರ ‘ಮಿಕ್ಕ ವಿಷಯ ಮುಖತಃ’ ಸರಿಯಾಗಿ ttyl ಮಾಡುವ ಕೆಲಸವನ್ನೇ ಮಾಡುತ್ತದೆ. ಮಾತು ಇನ್ನೂ ಇದೆ, ಈಗ ಆಗುವುದಿಲ್ಲ, ಸಿಕ್ಕಾಗ ಹೇಳುತ್ತೇನೆ ಅಂತ. ಇವತ್ತಿಗೂ ಕೆಲವರು ‘ಉಳಿದಿದ್ದು ಸಿಕ್ಕಾಗ’ ಅಂತ ಬರೆಯುವುದನ್ನು ನೋಡಿದ್ದೇನೆ.

ಚಿಕ್ಕ ರೂಪದ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷ್‌ನಲ್ಲಿ ‘ಟಾಕ್ ಟು ಯು ಲೇಟರ್’ ಅನ್ನುವ ನಾಲ್ಕು ಪದಗಳ ಮೊದಲ ಅಕ್ಷರ ತೆಗೆದುಕೊಂಡರೆ ttyl ಆಯಿತು. ನಮ್ಮಲ್ಲಿ ಯಾರು, ಯಾವಾಗ ಅನ್ನುವುದೆಲ್ಲ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ‘ಆ.ಮಾ.’ ಅಂತ ಬರೆದರೆ ಮಾತಾಡೋಣವಾ, ಮಾತಾಡ್ತೀನಾ, ಮಾತಾಡಿ ಅಂತಲಾ? ಬಾಲ ಕತ್ತರಿಸಿದರೆ ಮಾತೇ ಹೋಯಿತು. ಜೊತೆಗೆ ಎಸ್ಸೆಮ್ಮೆಸ್ ಕಾಲದಲ್ಲಿ ಒಂದು ಮೆಸೇಜ್‌ಗೆ ಇಂಗ್ಲಿಷ್ ಅಕ್ಷರ 160 ಹಿಡಿಯುತ್ತಿತ್ತು, ಕನ್ನಡ ಲಿಪಿಯಲ್ಲಿ ಬರೆದರೆ 70 ಮಾತ್ರ, ಅದರಲ್ಲೂ ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಲೆಕ್ಕ. ಹಾಗಾಗಿ ಜನ `sigona` ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆದರು. ಚಿಕ್ಕದು ಮಾಡುವ ಅಭ್ಯಾಸ ಬೆಳೆಯಬೇಕಾದ ಕಾಲದಲ್ಲಿ ಕನ್ನಡ ಲಿಪಿಯೇ ಅಲ್ಲಿರಲಿಲ್ಲ.

‘ಮಾತಾಡೋಣ’ ಬಗ್ಗೆ ಒಂದು ಎಚ್ಚರಿಕೆ. ಸಾಲ ಕೇಳಿದವರಿಗೆ, ಕೆಲಸ ಕೇಳಿದವರಿಗೆ ‘ಆಮೇಲೆ ಮಾತಾಡೋಣ’ ಅಂದರೆ ಆಗುವುದಿಲ್ಲ ಅಂತಲೇ ಕೇಳಿಸುತ್ತದೆ. ನಿಜವಾಗಿ ಮಾತಾಡುವವರಿದ್ದರೆ ‘ರಾತ್ರಿ ಫೋನ್ ಮಾಡ್ತೀನಿ’ ಅಂತ ಹೊತ್ತು ಹೇಳಿ.

ಪುತ್ತೂರಿನಿಂದ

ಇದನ್ನು ಸೇರಿಸಿಕೊಳ್ಳಿ. ನಮ್ಮ ಕಡೆ ‘ಮತ್ತೆ’ ಅಂದರೆ ಆಮೇಲೆ. ನಾನು ಬೆಂಗಳೂರಿಗೆ ಹೊಸದಾಗಿ ಬಂದಾಗ ರೂಮ್‌ಮೇಟ್‌ಗೆ ‘ಈಗ ಬಸ್ಸಲ್ಲಿ ಇದ್ದೇನೆ, ಮತ್ತೆ ಮಾಡ್ತೇನೆ ಆಯ್ತಾ’ ಅಂತ ಮೆಸೇಜ್ ಹಾಕಿದೆ. ಅವಳು ‘ಮತ್ತೆ ಅಂದ್ರೆ? ಮೊದಲು ಯಾವಾಗ ಮಾಡಿದ್ದೆ? ನನಗೆ ಕಾಲ್ ಬಂದೇ ಇಲ್ಲ’ ಅಂತ ಕೇಳಿದಳು. ಅವಳಿಗೆ ‘ಮತ್ತೆ’ ಅಂದರೆ ಇನ್ನೊಮ್ಮೆ. ‘ಮತ್ತೆ ಸಿಗುವ’ ಅಂತ ನಾವು ಬರೆದರೆ ಸಂಜೆಯೇ ಸಿಗಬಹುದು, ಅವರು ಓದಿದರೆ ಇನ್ಯಾವಾಗಲೋ. ಮತ್ತೆ ‘ಸಿಗೋಣ’ ನಮಗೆ ಅಭ್ಯಾಸ ಇಲ್ಲ, ‘ಸಿಗುವ’ ಅಂತಲೇ ಬರುವುದು. ಅದನ್ನು ತಪ್ಪು ಅಂತ ದಯವಿಟ್ಟು ಕಲಿಸಬೇಡಿ.

ಡಲ್ಲಾಸ್‌ನಿಂದ

ನನಗೆ ಮುಗಿಸುವ ಪದಕ್ಕಿಂತ ಮುಗಿಸಲು ಹೊರಡುವುದೇ ಕಷ್ಟ. ನಮಗೆ ರಾತ್ರಿ ಆದಾಗ ಅಮ್ಮನಿಗೆ ಬೆಳಿಗ್ಗೆ, ಹಾಗಾಗಿ ‘ಗುಡ್ ನೈಟ್’ ಇಬ್ಬರಿಗೂ ಹೊಂದುವುದಿಲ್ಲ. ಫೋನಿನಲ್ಲಿ ಅಮ್ಮ ‘ಸರಿ, ಇಡ್ಲಾ?’ ಅನ್ನುತ್ತಾಳೆ. ರಿಸೀವರ್ ಇಡುವ ಕಾಲ ಹೋದರೂ ‘ಇಡ್ತೀನಿ’ ಉಳಿದಿದೆ, ನನಗೆ ಅದು ಇಷ್ಟ. ಆದರೆ ಚಾಟ್‌ನಲ್ಲಿ ಏನು ಇಡುವುದು? ಅಲ್ಲಿ ಅವಳು ಹೀಗೆ ಮಾಡುತ್ತಾಳೆ:

ಅಮ್ಮ: ಮತ್ತೆ?
ನಾನು: ಅಷ್ಟೇ ಅಮ್ಮ
ಅಮ್ಮ: ಸರಿ. ಊಟ ಆಯ್ತಾ
ನಾನು: ಈಗ ಮಾಡ್ಬೇಕು
ಅಮ್ಮ: ಸರಿ ಊಟ ಮಾಡಿ ಮಲ್ಕೋ. ನಂಗೂ ತಿಂಡಿ ಕೆಲ್ಸ ಇದೆ
ನಾನು: ಹ್ಞೂ ಅಮ್ಮ

‘ಬೈ’ ಇಲ್ಲ, ‘ಬರ್ತೀನಿ’ ಇಲ್ಲ. ಆದರೂ ಮುಗಿದಿದೆ ಅಂತ ಇಬ್ಬರಿಗೂ ಗೊತ್ತು. ಇದರಲ್ಲಿ ಯಾವುದು ಮುಗಿಸುವ ಮಾತು?

ಮೈಸೂರಿನಿಂದ

ಒಳ್ಳೆಯ ಉದಾಹರಣೆ. ಮಾತು ಒಂದೇ ಪದದಿಂದ ಮುಗಿಯುವುದಿಲ್ಲ, ಮುಗಿಸಬಹುದಾ ಅಂತ ಮೊದಲು ಕೇಳಬೇಕು, ಎದುರಿನವರು ಒಪ್ಪಬೇಕು. ಶೆಗ್ಲಾಫ್ ಮತ್ತು ಸ್ಯಾಕ್ಸ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲಿ ಅಮೆರಿಕದ ಫೋನ್ ಮಾತುಕತೆಗಳನ್ನು ಇಟ್ಟುಕೊಂಡು ತೋರಿಸಿದ್ದು ಇದನ್ನೇ. ನಿಮ್ಮ ತಾಯಿಯ ‘ಮತ್ತೆ?’ ಆ ಕೇಳುವ ಕೆಲಸ ಮಾಡುತ್ತದೆ. ಇನ್ನೂ ಏನಾದರೂ ಇದ್ದರೆ ಹೇಳು, ಇಲ್ಲದಿದ್ದರೆ ಮುಗಿಸೋಣ ಅಂತ. ನೀವು ‘ಅಷ್ಟೇ’ ಅಂದಿರಿ, ಬಾಗಿಲು ತೆರೆಯಿತು. ಆಮೇಲೆ ಇಬ್ಬರಿಗೂ ಒಂದೊಂದು ಕೆಲಸ ಹಂಚಿದ್ದಾರೆ ನೋಡಿ, ನಿಮಗೆ ಊಟ, ಅವರಿಗೆ ತಿಂಡಿ. ಕನ್ನಡದಲ್ಲಿ ಮುಗಿಸುವುದು ಜಾಸ್ತಿ ಹೀಗೆಯೇ. ಕಲಿಯುವವರು ಈ ‘ಮತ್ತೆ?’ ನೋಡಿ ಹೊಸ ಸುದ್ದಿ ಶುರು ಮಾಡುತ್ತಾರೆ, ಅಲ್ಲೇ ಎಡವುವುದು.

ಧಾರವಾಡದಿಂದ

ನಮ್ಮ ಕಡೆ ‘ಟೇಕ್ ಕೇರ್’ ಅನ್ನಬೇಕಾದಾಗ ‘ಕಾಳಜಿ ತಗೋರಿ’ ಅಂತೀವ್ರಿ. ಮರಾಠಿಯಲ್ಲಿ ‘ಕಾಳಜೀ ಘೇ’ ಇದೆ, ಅದರ ಜೊತೆ ಬೆಳೆದ ಮಾತು ಇರಬೇಕು. ಇದಕ್ಕೆ ಕಾರಣ ಬೇಕು ಅಂತ ಏನಿಲ್ಲ, ಸುಮ್ನೆ ಹೊರಡುವಾಗಲೂ ಹೇಳಬಹುದು. ಹಾಗಾಗಿ ಕನ್ನಡದಲ್ಲಿ ಕಾಳಜಿಗೆ ಕಾರಣ ಬೇಕು ಅನ್ನುವ ಮೈಸೂರಿನವರ ಮಾತು ನಮಗೆ ಪೂರ್ತಿ ಹೊಂದೂದಿಲ್ಲ. ಹಾದಿಗೆ ಹೊರಟವರಿಗೆ ಬೇರೆ, ‘ಜ್ವಾಕಿಲೆ ಹೋಗ್ರಿ’. ಉಳಿದದ್ದಕ್ಕೆಲ್ಲ ‘ಬರ್ತೀನ್ರಿ’, ‘ಆರಾಮ ಇರ್ರಿ’.

ಬೆಂಗಳೂರಿನಿಂದ

ಎಲ್ಲರಿಗೂ ಧನ್ಯವಾದ. ‘ಹುಷಾರ್’ ಒಂಟಿಯಾಗಿ ಬಳಸಬೇಡಿ, ಅನುಮಾನ ಇದ್ದರೆ ‘ಸಿಗೋಣ’ ಅಥವಾ ‘ಸಿಗುವ’ ಅನ್ನಿ ಅಂತ ಹೇಳಿಕೊಡುತ್ತೇನೆ. ಇನ್ನೊಂದು ಉಳಿದಿದೆ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನುವುದಿಲ್ಲ, ಹೇಳದೆ ಎದ್ದು ಬರುತ್ತೇವೆ. ಸಹೋದ್ಯೋಗಿಯ ತಂದೆ ತೀರಿಕೊಂಡಿದ್ದಾರೆ, ಚಾಟ್‌ನಲ್ಲೇ ಮಾತಾಡಿದ್ದೀರಿ, ಕೊನೆಗೆ ಏನು ಬರೆಯುತ್ತೀರಿ?

ಹಾಸನದಿಂದ

‘ಬರ್ತೀನಿ’ ಬೇಡ, ‘ಸಿಗೋಣ’ ಕೂಡ ಬೇಡ. ‘ಧೈರ್ಯವಾಗಿರಿ’ ಸಾಕು.

ಧಾರವಾಡದಿಂದ

ಅಷ್ಟು ಕಟ್ಟುನಿಟ್ಟು ಬೇಕಾಗಿಲ್ರಿ. ಮನೆಗೆ ಹೋದಾಗಿನ ನಿಯಮ ಮೊಬೈಲ್‌ಗೆ ಹಾಕಬೇಕಾ ಅನ್ನುವುದೇ ನನ್ನ ಪ್ರಶ್ನೆ. ನಾನಾದರೆ ‘ಏನಾರ ಬೇಕಾದ್ರ ಫೋನ್ ಮಾಡ್ರಿ, ನಾಳೆ ಸಂಜಿಗೆ ಮನೀಗೆ ಬರ್ತೀನಿ’ ಅಂತ ಬರೆದು, ಮರುದಿನ ಸಂಜೆ ಹೋಗುತ್ತೇನೆ.

ಹಾಸನದಿಂದ

ಅದು ಹೊರಡುವ ‘ಬರ್ತೀನಿ’ ಅಲ್ಲ, ನಿಜವಾಗಿ ಬರುವ ‘ಬರ್ತೀನಿ’, ಅದಕ್ಕೆ ನನ್ನ ತಕರಾರಿಲ್ಲ. ‘ಸಿಗೋಣ’ ಮಾತ್ರ ನಾನು ಬರೆಯುವುದಿಲ್ಲ.