ಸಹಾಯ ಬೇಕು: ಒಂದೇ ಯೋಜನೆಗೆ ಎರಡು ಐಆರ್‌ಆರ್, ಯಾವುದನ್ನು ನಂಬಲಿ?

ಎಲ್ಲರಿಗೂ ನಮಸ್ಕಾರ. ಒಂದು ಯೋಜನೆಯ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ. ಮೊದಲು 1000 ಹಾಕಬೇಕು, ವರ್ಷದ ಕೊನೆಗೆ 2500 ಬರುತ್ತದೆ, ಎರಡನೇ ವರ್ಷದ ಕೊನೆಗೆ ಜಾಗ ಸರಿಪಡಿಸಲು 1540 ಖರ್ಚು. x = 1 + r ಎಂದಿಟ್ಟುಕೊಂಡರೆ ಸಮೀಕರಣ ಹೀಗಾಗುತ್ತದೆ:

```
1000x² − 2500x + 1540 = 0
```

ಮೂಲಗಳು 1.1 ಮತ್ತು 1.4. ಅಂದರೆ 10% ಕೂಡ ಉತ್ತರ, 40% ಕೂಡ ಉತ್ತರ! ಸ್ಪ್ರೆಡ್‌ಶೀಟ್‌ನ `IRR` ಸುಮ್ನೆ 10% ತೋರಿಸಿತು. ಆರಂಭದ ಊಹೆ 0.5 ಕೊಟ್ಟರೆ 40% ಕಡೆಗೆ ಹೋಗುತ್ತದೆ. ಹಣದ ಹರಿವಿನ ಚಿಹ್ನೆ ಎರಡು ಸಲ ಬದಲಾಗಿದೆ, ಅದಕ್ಕೇ ಎರಡು ಧನ ಮೂಲ ಅಲ್ವಾ?

ನಮ್ಮ ಬಂಡವಾಳದ ವೆಚ್ಚ 12%. 10% ನಂಬಿದರೆ ಯೋಜನೆ ಬೇಡ, 40% ನಂಬಿದರೆ ಭರ್ಜರಿ ಲಾಭ. ಆದರೆ 12%ಗೆ ನಿವ್ವಳ ಪ್ರಸ್ತುತ ಮೌಲ್ಯ ತೆಗೆದರೆ ಬರೀ 4.46. 0%ಗೆ ಅದು −40, 20%ಗೆ ಸುಮಾರು 13.9, 50%ಗೆ ಮತ್ತೆ ಋಣ. ದರ ಕಡಿಮೆಯಾದರೆ ನಷ್ಟ ಅನ್ನುವುದು ವಿಚಿತ್ರ ಅನ್ನಿಸಿತು. ಕೊನೆಯ 1540ರ ಭಾರ ಆಗ ಜಾಸ್ತಿಯಾಗುತ್ತದೆ, ಅದೇ ಕಾರಣ ಇರಬೇಕು.

12% ಇಟ್ಟು `MIRR` ಹಾಕಿದರೆ ಸುಮಾರು 12.1% ಬಂತು. ನನಗೆ ಇದೇ ಸರಿ ಅನ್ನಿಸುತ್ತಿದೆ. ವರದಿಯಲ್ಲಿ ಇದನ್ನೇ ಬರೆಯಲೇ, ಅಥವಾ ಐಆರ್‌ಆರ್ ಬಿಟ್ಟು ನಿವ್ವಳ ಮೌಲ್ಯ ಮಾತ್ರ ಕೊಡಲೇ? ಹತ್ತು ವರ್ಷದ ಹರಿವಾದರೆ ಯಾವ ಮೂಲವೂ ತಪ್ಪಿಹೋಗದಂತೆ ಹೇಗೆ ನೋಡುತ್ತೀರಿ?