ನಾಯಿ ಕಳೆದಿದೆ: ದೂರದಿಂದ ಓದೋಕೆ ಬರೋ ಹಾಗೆ ಪೋಸ್ಟರ್ ಹೇಗೆ ಮಾಡಿಸೋದು?

ಕೇಳಿದವರು, ಟಿಳಕವಾಡಿ, ಬೆಳಗಾವಿ:
ಮೊನ್ನೆ ರಾತ್ರಿ ಮದುವೆ ಮೆರವಣಿಗೆ ಪಟಾಕಿಗೆ ಹೆದರಿ ನಮ್ಮ ನಾಯಿ ಕಾಂಪೌಂಡ್ ಹಾರಿ ಹೋಗಿದೆ. ಎ4 ಹಾಳೆಯಲ್ಲಿ ಫೋಟೋ, ವಿವರ, ನಂಬರ್ ಎಲ್ಲಾ ಹಾಕಿ 40 ಕಡೆ ಅಂಟಿಸಿದೆ. ಒಂದು ಫೋನೂ ಬಂದಿಲ್ಲ. ಇವತ್ತು ಸ್ಕೂಟಿ ಮೇಲೆ ಹೋಗುವಾಗ ನೋಡಿದರೆ ನನ್ನ ಪೋಸ್ಟರ್ ನನಗೇ ಓದೋಕೆ ಆಗಲಿಲ್ಲ. ಮಾಡಿಸಿ ಗೊತ್ತಿದ್ದವರು ಹೇಳಿ.

ವಿಜಯಪುರದಿಂದ:
ಅಕ್ಕಾರೆ, ನಮ್ಮ ಬೆಕ್ಕು ಹೋದಾಗ ನಾವು ಪೋಸ್ಟರ್ ಗೀಸ್ಟರ್ ಏನೂ ಮಾಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಹಾಲಿನ ಬಟ್ಟಲು ಬಡಿಯುತ್ತಾ ತಿರುಗಿದೆವು, ಮೂರನೇ ದಿನ ಪಕ್ಕದ ಮನೆಯ ಕಟ್ಟಿಗೆ ರಾಶಿಯ ಹಿಂದೆಯೇ ಸಿಕ್ಕಿತು. ನೀವೂ ಮೊದಲು ಅಕ್ಕಪಕ್ಕ ನೋಡಿ.

ಕೇಳಿದವರು:
ನೋಡಿದ್ದೀನಿ ರೀ. ಹೆದರಿದ ನಾಯಿ ಬೆಕ್ಕಿನ ಹಾಗೆ ಹತ್ತಿರ ಕೂರಲ್ಲ, ಓಡುತ್ತೆ. ನನಗೆ ಪೋಸ್ಟರ್ ವಿಷಯ ಬೇಕಿತ್ತು.

ಗೋಕಾಕದಿಂದ:
ಕೆಂಪು ಹಾಳೆ ತಗೊಳ್ಳಿ, ಎಲ್ಲರ ಕಣ್ಣು ಹೋಗುತ್ತೆ. ವಿವರ ಜಾಸ್ತಿ ಇರಲಿ. ವಯಸ್ಸು, ಲಸಿಕೆ ಹಾಕಿಸಿದ್ದು, ಏನು ತಿನ್ನುತ್ತೆ, ಮನೆಯವರು ಎಷ್ಟು ದುಃಖದಲ್ಲಿದ್ದೀರಿ, ಎಲ್ಲಾ. ಓದಿದವರಿಗೆ ಕರುಳು ಚುರ್ ಅನ್ನಬೇಕು.

ಶಹಾಪುರದ ಪ್ರಿಂಟಿಂಗ್ ಅಂಗಡಿಯವರು:
ಗೋಕಾಕದ ಅಣ್ಣಾರ ಮಾತು ಅರ್ಧ ಸರಿ. ಬಣ್ಣದ ಹಾಳೆ ಕಣ್ಣಿಗೆ ಬೀಳುತ್ತೆ, ಖರೆ. ಆದರೆ ಕೆಂಪು ಹಾಳೆ ಮೇಲೆ ಕಪ್ಪು ಅಕ್ಷರ ಸಂಜೆಯಾದರೆ ಕಾಣೋದೇ ಇಲ್ಲ. ಹಳದಿ ಹಾಳೆ, ಕಪ್ಪು ಅಕ್ಷರ ಮಾಡಿ. ಕೆಂಪು ಅಕ್ಷರವೂ ಬೇಡ, ಬಿಸಿಲಿಗೆ ಮೊದಲು ಮಾಸೋದು ಅದೇ.

ಅಕ್ಕಾರೆ, ನಿಮ್ಮ ಈಗಿನ ಪೋಸ್ಟರಿನ ಮಾತುಗಳನ್ನು ಇಲ್ಲಿ ಹಾಕಿ ನೋಡೋಣ.

ಕೇಳಿದವರು:
"ನಮ್ಮ ಪ್ರೀತಿಯ ನಾಯಿ ದಿನಾಂಕ 12ರಂದು ರಾತ್ರಿ ಮನೆಯಿಂದ ತಪ್ಪಿಸಿಕೊಂಡಿದೆ. ಕಂದು ಬಣ್ಣ, ಎದೆ ಬಿಳಿ, ಎಡ ಕಿವಿ ಮಡಚಿದೆ, ಕೊರಳಲ್ಲಿ ನೀಲಿ ಪಟ್ಟಿ, ತುಂಬಾ ಸಾಧು ಸ್ವಭಾವ. ಕಂಡುಬಂದಲ್ಲಿ ದಯವಿಟ್ಟು ಕೆಳಗಿನ ವಿಳಾಸ ಅಥವಾ ಮೊಬೈಲಿಗೆ ತಿಳಿಸಿ, ಸೂಕ್ತ ಬಹುಮಾನ ನೀಡಲಾಗುವುದು." ಮೇಲೆ ಫೋಟೋ, ನಮ್ಮ ಮಗಳ ಜೊತೆ ಸೋಫಾ ಮೇಲೆ ಮಲಗಿರೋದು.

ಶಹಾಪುರದ ಪ್ರಿಂಟಿಂಗ್ ಅಂಗಡಿಯವರು:
ಸರಿ. ಇದು ಕೈಯಲ್ಲಿ ಹಿಡಿದು ಓದೋ ಚೀಟಿ, ಗೋಡೆಗೆ ಹಚ್ಚೋದಲ್ಲ. ನಮ್ಮ ಲೆಕ್ಕ ಹೀಗೆ: ಅಕ್ಷರ ಒಂದು ಇಂಚು ಎತ್ತರ ಇದ್ದರೆ ಸುಮಾರು ಹತ್ತು ಅಡಿಯಿಂದ ಆರಾಮಾಗಿ ಓದಬಹುದು. ಇಪ್ಪತ್ತು ಅಡಿಗೆ ಎರಡು ಇಂಚು. ಗಾಡಿ ಮೇಲೆ ಹೋಗೋರಿಗೆ ಮೂರ್ನಾಲ್ಕು ಪದಕ್ಕಿಂತ ಜಾಸ್ತಿ ಓದೋಕೆ ಸಮಯವೂ ಇರಲ್ಲ. ಹಾಗಾಗಿ ದೊಡ್ಡದಾಗಿ ಬರಬೇಕಾದ್ದು ಮೂರೇ: ತಲೆಬರಹ, ಫೋಟೋ, ನಂಬರ್.

ಹಾಳೆ ಎ3 ತಗೊಳ್ಳಿ, ಉದ್ದಕ್ಕೆ ನಿಲ್ಲಿಸಿ. ಅಗಲ 11 ಇಂಚು ಚಿಲ್ಲರೆ. ಹತ್ತು ಅಂಕಿ ಒಂದೇ ಸಾಲಿಗೆ ತುರುಕಿದರೆ ಅಂಕಿಯ ಎತ್ತರ ಒಂದೂಕಾಲು ಇಂಚಿನ ಆಸುಪಾಸು ಬರುತ್ತೆ. ಅದನ್ನೇ ಐದು ಐದು ಅಂಕಿಯ ಎರಡು ಸಾಲು ಮಾಡಿ, ಎರಡು ಇಂಚು ಆರಾಮಾಗಿ ಬರುತ್ತೆ, ರಸ್ತೆ ಆಚೆಯಿಂದ ಕಾಣುತ್ತೆ. ಐದೈದು ಆದರೆ ನೆನಪೂ ಉಳಿಯುತ್ತೆ. ಒಂದೇ ನಂಬರ್ ಹಾಕಿ. ಎರಡು ಹಾಕಿದರೆ ಎರಡೂ ಸಣ್ಣದಾಗುತ್ತೆ.

ತಲೆಬರಹ "ನಾಯಿ ಕಳೆದಿದೆ". "ತಪ್ಪಿಸಿಕೊಂಡಿದೆ" ಬೇಡ. ಅದು ಉದ್ದ, ಸಾಲದ್ದಕ್ಕೆ ಒತ್ತಕ್ಷರ ಬೇರೆ ಇದೆ. ಒತ್ತು ಇದ್ದರೆ ಕೆಳಗೆ ಜಾಗ ಬಿಡಬೇಕು, ಅಷ್ಟು ಅಕ್ಷರದ ಮೈ ಸಣ್ಣದಾಗುತ್ತೆ, ದೂರದಿಂದ ಒತ್ತು ಮಸಿ ಚುಕ್ಕಿ ಥರ ಕಾಣುತ್ತೆ. ಇನ್ನೊಂದು, ಕಂಪ್ಯೂಟರಿನಲ್ಲಿ 72 ಪಾಯಿಂಟ್ ಕೊಟ್ಟರೆ ಅಕ್ಷರ ಒಂದು ಇಂಚು ಬರುತ್ತೆ ಅಂತ ತಿಳಿಯಬೇಡಿ. ಕನ್ನಡದ ಅಕ್ಷರ ಅದಕ್ಕಿಂತ ಬಹಳ ಗಿಡ್ಡ ಬರುತ್ತೆ. ಒಂದು ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ.

ಮಗಳ ಫೋಟೋ ಬೇಡ್ರೀ. ನಾಯಿ ನಿಂತಿರೋದು, ಪಕ್ಕದಿಂದ ಪೂರ್ತಿ ಮೈ ಕಾಣೋದು, ಹಾಳೆಯ ಹತ್ತಿರ ಹತ್ತಿರ ಅರ್ಧ ಜಾಗಕ್ಕೆ ಬರಲಿ. ಹಿಂದಿನ ಸೋಫಾ ಗೀಫಾ ಕತ್ತರಿಸಿ ಖಾಲಿ ಬಿಡಿಸಿ. ಕಂದು ನಾಯಿ ಕಪ್ಪುಬಿಳುಪು ಜೆರಾಕ್ಸಿನಲ್ಲಿ ಕರಿ ನಾಯಿಯೇ ಆಗುತ್ತೆ, ಜನ ಕರಿ ನಾಯಿ ಹುಡುಕುತ್ತಾರೆ! ಅದಕ್ಕೆ ಗೋಡೆಯದ್ದು ಕಲರ್ ಲೇಸರ್ ಪ್ರಿಂಟೇ ಆಗಲಿ. ಮನೆಯ ಇಂಕ್‌ಜೆಟ್ ಪ್ರಿಂಟ್ ಮಳೆಗೆ ಹರಿಯುತ್ತೆ. ಬೆಳಗಾವಿ ಮಳೆ ಗೊತ್ತಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕೋದಾದರೆ ಬಾಯಿ ಕೆಳಗೆ ಇರಲಿ.

ಮುಧೋಳದಿಂದ:
ನಮ್ಮದು ಮುಧೋಳ ನಾಯಿ, ಹೋದ ವರ್ಷ ಕಳೆದಿತ್ತು. ಪೋಸ್ಟರಿನಲ್ಲಿ ದೊಡ್ಡದಾಗಿ "ಮುಧೋಳ" ಅಂತ ಹಾಕಿದ್ದೇ ತಪ್ಪಾಯ್ತು. ಊರೇ ಮುಧೋಳ, ಇಲ್ಲಿ ತೆಳ್ಳಗಿರೋ ನಾಯಿ ಕಂಡರೆ ಎಲ್ಲರೂ ಅದೇ ಅಂತಾರೆ. ದಿನಕ್ಕೆ ಹತ್ತು ಫೋನ್, ಒಂದೂ ನಮ್ಮದಲ್ಲ. ಆಮೇಲೆ "ಬಾಲದ ತುದಿ ಬಿಳಿ" ಅಂತ ಒಂದೇ ಗುರುತು ಹಾಕಿದೆವು, ಫೋನ್ ಕಡಿಮೆಯಾಗಿ ಸರಿಯಾದದ್ದು ಬಂತು. ನಿಮಗೆ ಮಡಚಿದ ಕಿವಿ ಇದೆಯಲ್ಲ, ಅದೇ ಸಾಕು. ಕೊರಳ ಪಟ್ಟಿ ಮೇಲೆ ಭರವಸೆ ಇಡಬೇಡಿ, ಬೇಲಿಗೆ ಸಿಕ್ಕಿ ಕಳಚಿ ಹೋಗುತ್ತೆ.

ಮತ್ತೊಂದು. ಒಂದು ಗುರುತು ಪೋಸ್ಟರಿನಲ್ಲಿ ಹಾಕಲೇಬೇಡಿ. "ನಾಯಿ ನಮ್ಮ ಹತ್ತಿರ ಇದೆ, ಗಾಡಿ ಖರ್ಚಿಗೆ ಮೊದಲು ದುಡ್ಡು ಹಾಕಿ" ಅಂತ ಒಬ್ಬ ಫೋನ್ ಮಾಡಿದ್ದ. ಯಾವ ಕಾಲಿಗೆ ಗಾಯದ ಗುರುತಿದೆ ಅಂತ ಕೇಳಿದ ಕೂಡಲೇ ಇಟ್ಟ.

ಕೇಳಿದವರು:
ಅಯ್ಯೋ, ನನಗೂ ಅಂಥದ್ದು ಬರಬಹುದು ಅಲ್ವಾ. ಒಂದು ಗುರುತು ಇಟ್ಟುಕೊಂಡಿದ್ದೀನಿ, ಇಲ್ಲೂ ಬರೆಯಲ್ಲ. ಮನೆ ವಿಳಾಸವನ್ನೂ ತೆಗೀತೀನಿ. ಬಹುಮಾನ ಎಷ್ಟು ಅಂತ ಹಾಕಲಾ?

ಮುಧೋಳದಿಂದ:
ಮೊತ್ತ ಹಾಕಬೇಡಿ. ಜಾಸ್ತಿ ಹಾಕಿದರೆ ಹಿಡಿದವರು ಇಟ್ಟುಕೊಂಡು ಚೌಕಾಸಿ ಮಾಡುತ್ತಾರೆ.

ಗೋಕಾಕದಿಂದ:
ನಾನು ಒಪ್ಪಲ್ಲ. "ಸೂಕ್ತ ಬಹುಮಾನ" ಅಂದರೆ ಐವತ್ತು ರೂಪಾಯಿಯೂ ಆಗಬಹುದು ಅಂತ ಜನ ಸುಮ್ನೆ ಹೋಗುತ್ತಾರೆ. ರೂ. 5,000 ಅಂತ ಅಂಕಿ ಕಂಡರೆ ಹುಡುಗರು ಸೈಕಲ್ ಹತ್ತಿ ಹುಡುಕುತ್ತಾರೆ.

ಶಹಾಪುರದ ಪ್ರಿಂಟಿಂಗ್ ಅಂಗಡಿಯವರು:
ಅದು ನಿಮ್ಮ ನಿಮ್ಮಲ್ಲಿ ಬಗೆಹರಿಸಿಕೊಳ್ಳಿ, ಎರಡೂ ಥರ ಮಾಡಿಸಿದವರನ್ನು ನೋಡಿದ್ದೀನಿ. ನನ್ನ ಮಾತು ಒಂದೇ, ಹಾಕಿದರೆ ನಂಬರಿಗಿಂತ ಸಣ್ಣದಾಗಿ ಹಾಕಿ. ಆ ಜಾಗಕ್ಕೆ ಇನ್ನೂ ಮುಖ್ಯವಾದ ಸಾಲು ಒಂದಿದೆ: "ಹಿಡಿಯಬೇಡಿ, ಫೋನ್ ಮಾಡಿ". ಹೆದರಿದ ನಾಯಿಯನ್ನು ನಾಲ್ಕು ಜನ ಅಟ್ಟಿಸಿಕೊಂಡು ಹೋದರೆ ಅದು ಮೂರನೇ ರೈಲ್ವೆ ಗೇಟ್ ದಾಟಿ ಎಲ್ಲಿಗೋ ಹೋಗುತ್ತೆ. ಕೆಳಗೆ ಇಷ್ಟನ್ನೇ ಮರಾಠಿಯಲ್ಲೂ ಒಂದು ಸಾಲು ಹಾಕಿ, ನಮ್ಮ ಏರಿಯಾದಲ್ಲಿ ಅದು ಬೇಕಾಗುತ್ತೆ.

ಕಂಬಕ್ಕೆ, ಪಾಲಿಕೆ ಗೋಡೆಗೆ ಕೇಳದೆ ಅಂಟಿಸೋ ಹಾಗಿಲ್ಲ, ಕಿತ್ತು ಹಾಕುತ್ತಾರೆ. ಹಾಲಿನ ಅಂಗಡಿ, ಮಟನ್ ಅಂಗಡಿ, ಚಹಾ ಗಾಡಿಯವರನ್ನು ಕೇಳಿ. ಜನ ಅಲ್ಲಿ ನಿಲ್ಲುತ್ತಾರೆ, ನಾಯಿಯೂ ಅಲ್ಲಿಗೇ ಬರುತ್ತೆ. 40 ಸಣ್ಣದರ ಬದಲು 12 ದೊಡ್ಡದು ಸಾಕು.

ಕೇಳಿದವರು, ಮರುದಿನ:
ಮಾಡಿಸಿದೆ. ಮೇಲೆ "ನಾಯಿ ಕಳೆದಿದೆ", ನಡುವೆ ಫೋಟೋ, ಕೆಳಗೆ "ಕಂದು, ಎಡ ಕಿವಿ ಮಡಚಿದೆ", "ಹಿಡಿಯಬೇಡಿ, ಫೋನ್ ಮಾಡಿ", ಎರಡು ಸಾಲಿನಲ್ಲಿ ನಂಬರ್, ಕಡೆಗೆ ಮರಾಠಿ ಸಾಲು. ಬಹುಮಾನ ಇದೆ ಅಂದಿದ್ದೀನಿ, ಎಷ್ಟು ಅಂತ ಹಾಕಿಲ್ಲ. ಗೇಟಿಗೆ ಹಚ್ಚಿ ರಸ್ತೆ ದಾಟಿ ನಿಂತೆ, ಕನ್ನಡಕ ಇಲ್ಲದ ನಮ್ಮ ಅತ್ತೆ ಕೂಡ ನಂಬರ್ ಓದಿ ಹೇಳಿದರು. ಫೋಟೋ ಮಾತ್ರ ಸ್ವಲ್ಪ ಕಪ್ಪಾಗಿದೆ, ಇನ್ನೊಂದು ಸಲ ಬೆಳಕು ಹೆಚ್ಚಿಸಿ ತೆಗೆಸಬೇಕು.

ಸಂಜೆಯೊಳಗೆ ಮೂರು ಫೋನ್ ಬಂತು. ಒಂದು ಬೇರೆ ನಾಯಿ. ಒಬ್ಬರು ಬಹುಮಾನ ಎಷ್ಟು ಅಂತ ಕೇಳಿ ಇಟ್ಟರು. ಮೂರನೆಯವರು ಆರ್‌ಪಿಡಿ ಕಾಲೇಜು ಕಡೆಯ ಚಹಾ ಗಾಡಿಯವರು, ಮುಂಜಾನೆ ಐದಕ್ಕೆ ಗಾಡಿ ತೆಗೆಯುವಾಗ ಕಿವಿ ಮಡಚಿದ ನಾಯಿ ಎರಡು ದಿನದಿಂದ ಬರ್ತಾ ಇದೆ ಅಂದರು. ಬಚ್ಚಿಟ್ಟ ಗುರುತು ಕೇಳಿದೆ, ಅಷ್ಟು ಹತ್ತಿರ ಬಿಡಲ್ಲ ಅಂದರು. ನಾಳೆ ನಾಲ್ಕೂವರೆಗೆ ಅದರ ಊಟದ ತಟ್ಟೆ ತಗೊಂಡು ಅಲ್ಲಿ ಹೋಗಿ ಕೂರ್ತೀನಿ.