ಟೈಫಾಯಿಡ್ ಶಂಕೆ: ಡಿಎಚ್‌ಒ ಅವರಿಗೆ ಪತ್ರ ಹೇಗೆ ಬರೆಯೋದು?

ಕೇಳಿದ್ದು: ನಾನು ಪಿಎಚ್‌ಸಿ ಡಾಕ್ಟರ್, ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿಲ್ಲ. ಒಂದೇ ಊರಿಂದ 9 ಜನ ಬಿಡದ ಜ್ವರ ಅಂತ ಬಂದಿದ್ದಾರೆ. 6 ಜನಕ್ಕೆ ಟೈಫಾಯಿಡ್‌ಗೆ ಮಾಡೋ ವಿಡಾಲ್ ರಕ್ತಪರೀಕ್ಷೆ ಪಾಸಿಟಿವ್. 7 ಜನ ಒಂದೇ ಮಿನಿ ಟ್ಯಾಂಕಿನ ನೀರು ಕುಡಿಯೋರು. ಜಿಲ್ಲಾ ಆರೋಗ್ಯಾಧಿಕಾರಿ ಡಿಎಚ್‌ಒ ಅವರಿಗೆ ಪತ್ರ ಬರೀಬೇಕು, ಹೇಗೆ ಬರೆದರೆ ಬೇಗ ಕೆಲಸ ಆಗುತ್ತೆ? ಅನುಭವ ಇರೋರು ಹೇಳಿ.

ನಿವೃತ್ತ ಟಿಎಚ್‌ಒ: ಮೊದಲು ಫೋನ್ ಮಾಡಿ ಡಾಕ್ಟ್ರೇ. ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಒಂದು, ನಿಮ್ಮ ತಾಲ್ಲೂಕು ಆರೋಗ್ಯಾಧಿಕಾರಿ ಟಿಎಚ್‌ಒಗೆ ಒಂದು. ರೋಗ ವರದಿ ಮಾಡೋ ಐಎಚ್‌ಐಪಿ ಪೋರ್ಟಲ್‌ನಲ್ಲಿ ಶಂಕಿತ ಕೇಸುಗಳ ಪಿ ಫಾರ್ಮ್ ಇವತ್ತೇ ಹಾಕಿ. ಪತ್ರ ಸಂಜೆಯೊಳಗೆ ಹೋದರೆ ಸಾಕು.

ಇನ್ನು ಪತ್ರದ ವಿಷಯ. "ನಮ್ಮ ವ್ಯಾಪ್ತಿಯಲ್ಲಿ ಟೈಫಾಯಿಡ್ ಹೆಚ್ಚಾಗಿದೆ, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ" ಅಂತ ಬರೆದರೆ ಅದು ಕಡತಕ್ಕೆ ಹೋಗಿ ಮಲಗುತ್ತೆ. ಓದುವವರಿಗೆ ಬೇಕಾಗಿರೋದು ಯಾರಿಗೆ, ಯಾವ ಬೀದಿಯಲ್ಲಿ, ಯಾವತ್ತಿಂದ ಅನ್ನೋದು. ಅದರಲ್ಲೂ ಜ್ವರ ಶುರುವಾದ ತಾರೀಕು, ಆಸ್ಪತ್ರೆಗೆ ಬಂದ ತಾರೀಕಲ್ಲ. ಓಪಿಡಿ ಪುಸ್ತಕದಲ್ಲಿ ಎಲ್ಲರೂ ಸೋಮವಾರ ಸಂತೆ ದಿನ ಬಂದಿರ್ತಾರೆ, ಅದನ್ನೇ ಪಟ್ಟಿ ಮಾಡಿದರೆ ಎಲ್ಲರಿಗೂ ಒಂದೇ ದಿನ ಜ್ವರ ಬಂದ ಹಾಗೆ ಕಾಣುತ್ತೆ. ಆಶಾ ಕಾರ್ಯಕರ್ತೆಯನ್ನು ಮನೆಮನೆಗೆ ಕಳಿಸಿ ಕೇಳಿಸಿ, ಖಾಸಗಿ ಡಾಕ್ಟರ್ ಹತ್ತಿರ ಹೋದವರೂ ಸಿಗ್ತಾರೆ.

ಒಂದು ಪ್ರಶ್ನೆ. 9ರಲ್ಲಿ 7 ಜನ ಆ ಟ್ಯಾಂಕಿನವರು ಅಂದ್ರಿ. ಉಳಿದ ಇಬ್ಬರು ಯಾರು?

ಕೇಳಿದವರು: ಇಬ್ಬರೂ ಮಕ್ಕಳು ಸರ್, ಮನೆ ಬೇರೆ ಬೀದಿ. ಈಗ ವಿಚಾರಿಸಿದೆ, ಶಾಲೆಗೆ ಬರೋದು ಅದೇ ಟ್ಯಾಂಕಿನ ನೀರಂತೆ. ಮೊದಲ ಜ್ವರ ಜೂನ್ 3ಕ್ಕೆ, ಕೊನೆಯದು 16ಕ್ಕೆ.

ನಿವೃತ್ತ ಟಿಎಚ್‌ಒ: ನೋಡಿ, ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಾಲು ಇದೇ. ಏಳು ಜನ ಒಂದೇ ಬೀದಿಯವರು ಅಂದ್ರೆ ಇನ್ನೂ ನೂರು ಕಾರಣ ಹೇಳಬಹುದು, ಬೇರೆ ಬೀದಿಯ ಮಕ್ಕಳಿಗೂ ಅದೇ ನೀರು ಸಿಕ್ಕಿದೆ ಅಂದ್ರೆ ಶಂಕೆ ಗಟ್ಟಿಯಾಗುತ್ತೆ. ಆದರೂ ಅದು ಶಂಕೆಯೇ. ಹೀಗೆ ಬರೆಯಿರಿ:

"ವಿಷಯ: ಸದರಿ ಗ್ರಾಮದಲ್ಲಿ ಶಂಕಿತ ಟೈಫಾಯಿಡ್ ಪ್ರಕರಣಗಳು ಕಂಡುಬಂದಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಜೂನ್ 3ರಿಂದ 16ರವರೆಗೆ 9 ಜನರಿಗೆ ಜ್ವರ ಪ್ರಾರಂಭವಾಗಿದ್ದು, ಸಾವು ಸಂಭವಿಸಿರುವುದಿಲ್ಲ. 6 ಜನರಿಗೆ ವಿಡಾಲ್ ಪಾಸಿಟಿವ್ ಬಂದಿದ್ದು, ಬ್ಲಡ್ ಕಲ್ಚರ್ ಆಗಿರುವುದಿಲ್ಲ. 7 ಜನರ ಮನೆಗಳಿಗೆ ಒಂದೇ ಮಿನಿ ಟ್ಯಾಂಕಿನಿಂದ ನೀರು ಸರಬರಾಜಾಗುತ್ತಿದ್ದು, ಉಳಿದ ಇಬ್ಬರು ಮಕ್ಕಳ ಶಾಲೆಗೂ ಅದೇ ನೀರು ಬರುತ್ತದೆ. ನೀರಿನಿಂದ ಹರಡಿರುವ ಶಂಕೆ ಇದ್ದು, ದೃಢಪಟ್ಟಿರುವುದಿಲ್ಲ."

ಆಮೇಲೆ ಏನು ಬೇಕು ಅಂತ ನೇರವಾಗಿ ಕೇಳಿ. ರಕ್ತದಲ್ಲಿ ರೋಗಾಣು ಬೆಳೆಸಿ ನೋಡೋ ಕಲ್ಚರ್ ಬಾಟಲಿ ಎಷ್ಟು, ಯಾವತ್ತಿಗೆ, ಜಿಲ್ಲಾ ತಂಡ ಯಾವಾಗ ಬರಬೇಕು. ಕಾಯಿಲೆಯವರ ಹೆಸರಿನ ಪಟ್ಟಿ ಬೇರೆ ಹಾಳೆಯಲ್ಲಿರಲಿ, ಅದು ಸರ್ವೇಕ್ಷಣಾ ಘಟಕಕ್ಕೆ ಮಾತ್ರ.

ಒಬ್ಬ ಪಿಡಿಒ: ನನ್ನ ಮಾತು ಖಾರ ಅನ್ನಿಸಬಹುದು. ನೀರಿನ ಟೆಸ್ಟ್ ರಿಪೋರ್ಟ್ ಬರೋ ಮುಂಚೆ ಟ್ಯಾಂಕಿನ ಹೆಸರು ಬರೀಬೇಡಿ. ಮಾರನೇ ದಿನ ಪೇಪರ್‌ನಲ್ಲಿ ಬರುತ್ತೆ, ಜನ ಪಂಚಾಯಿತಿ ಮುಂದೆ ಕೂರ್ತಾರೆ. ರಿಪೋರ್ಟ್ ಬರಲಿ, ನೀರು ಸರಿ ಇಲ್ಲ ಅಂದ್ರೆ ಬರೆಯಿರಿ, ಸರಿ ಇದ್ದರೆ ವಿಷಯ ಅಲ್ಲಿಗೆ ಮುಗೀತು.

ನಿವೃತ್ತ ಟಿಎಚ್‌ಒ: ಮೊದಲರ್ಧ ಒಪ್ಪಿದೆ, ಅದಕ್ಕೇ "ದೃಢಪಟ್ಟಿರುವುದಿಲ್ಲ" ಅಂತ ಹಾಕಿದ್ದು. ಎರಡನೆಯದು ಒಪ್ಪಲ್ಲ ಸ್ವಾಮಿ. ಟೈಫಾಯಿಡ್ ಇವತ್ತು ನೀರು ಕುಡಿದು ನಾಳೆ ಬರೋ ವಾಂತಿಭೇದಿ ಅಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಜೂನ್ 3ಕ್ಕೆ ಜ್ವರ ಬಂದವರು ಮೇ ಎರಡನೇ ವಾರದಿಂದ ಕೊನೆಯ ವಾರದೊಳಗೆ ಯಾವಾಗಲೋ ಆ ನೀರು ಕುಡಿದಿರ್ತಾರೆ. ಈಗಿನ ಸ್ಯಾಂಪಲ್ ಸರಿ ಬಂದರೆ ಮೇ ತಿಂಗಳ ನೀರು ಸರಿ ಇತ್ತು ಅಂತ ಹೇಗೆ ಹೇಳ್ತೀರಿ? ಅದಕ್ಕೇ ನೀರುಗಂಟಿಯನ್ನು ಕೇಳಬೇಕು: ಮೇ ತಿಂಗಳಲ್ಲಿ ಪೈಪ್ ಒಡೆದಿತ್ತಾ, ಮೋಟಾರ್ ಸುಟ್ಟು ಬೇರೆ ಕಡೆಯಿಂದ ನೀರು ಬಿಟ್ಟಿದ್ರಾ, ಚರಂಡಿಯಲ್ಲಿ ಹಾದುಹೋಗಿರೋ ಪೈಪಿಗೆ ಯಾರಾದರೂ ಹೊಸ ಕನೆಕ್ಷನ್ ತೂತು ಹಾಕಿದ್ರಾ. ಉತ್ತರ ಸಿಕ್ಕರೆ ಪತ್ರದಲ್ಲಿ ಒಂದು ಸಾಲು ಸೇರಿಸಿ.

ಇನ್ನೊಂದು ಮಾತನ್ನೂ ಪತ್ರದಲ್ಲೇ ಬರೆದುಬಿಡಿ. ಇವತ್ತೇ ಕ್ಲೋರಿನ್ ಹಾಕಿದರೂ ಈಗಾಗಲೇ ಸೋಂಕು ತಗುಲಿದವರಿಗೆ ಮುಂದಿನ ಎರಡು ಮೂರು ವಾರ ಜ್ವರ ಕಾಣಿಸಬಹುದು. ಮೊದಲೇ ಹೇಳದಿದ್ದರೆ ಹತ್ತನೇ ಕೇಸಿಗೆ "ಏನ್ರೀ, ಕಂಟ್ರೋಲ್ ಆಗಿಲ್ವಾ?" ಅಂತ ಫೋನ್ ಬರುತ್ತೆ.

ಲ್ಯಾಬ್ ಟೆಕ್ನಿಷಿಯನ್: ವಿಡಾಲ್ ಬಗ್ಗೆ ಸ್ವಲ್ಪ ಹುಷಾರು ಮೇಡಂ ಅಥವಾ ಸರ್. ನಮ್ಮ ಕಡೆ ಹಿಂದೆ ಟೈಫಾಯಿಡ್ ಬಂದಿದ್ದವರಿಗೆ, ಬೇರೆ ಜ್ವರ ಇದ್ದವರಿಗೆ ಕೂಡ ಒಂದೊಂದು ಸಲ ಪಾಸಿಟಿವ್ ಬರುತ್ತೆ. ಸ್ಲೈಡ್ ಮೇಲೆ ಮಾಡಿದ್ದಾದರೆ ಇನ್ನೂ ಅನುಮಾನ. ಯಾವ ವಿಧಾನ, ಟೈಟರ್ ಎಷ್ಟು, ಜ್ವರದ ಎಷ್ಟನೇ ದಿನ ಅಂತ ಪಟ್ಟಿಯಲ್ಲಿ ಬರೆಯಿರಿ. ಸುಮ್ನೆ "ಪಾಸಿಟಿವ್" ಅಂದ್ರೆ ಜಿಲ್ಲೆಯವರು ನಂಬಲ್ಲ.

ಕಲ್ಚರ್‌ಗೆ ಯಾರನ್ನು ಆರಿಸ್ತೀರಿ ಅನ್ನೋದು ಮುಖ್ಯ. ಜ್ವರ ಬಂದು ಒಂದು ವಾರದೊಳಗಿನವರು, ಇನ್ನೂ ಆ್ಯಂಟಿಬಯೋಟಿಕ್ ತಗೊಳ್ಳದವರು ಸಿಕ್ಕರೆ ಅವರದ್ದು ಮೊದಲು. ಮಾತ್ರೆ ನುಂಗಿದವರಲ್ಲಿ ಬೆಳೆಯದೇ ಇರಬಹುದು, ಬೆಳೆಯಲಿಲ್ಲ ಅಂದ ಮಾತ್ರಕ್ಕೆ ಟೈಫಾಯಿಡ್ ಅಲ್ಲ ಅಂತಲೂ ಅಲ್ಲ. ರಕ್ತ ತೆಗೆದ ತಕ್ಷಣ ಅಲ್ಲೇ ಬಾಟಲಿಗೆ ಹಾಕಿ. ಆ ಬಾಟಲಿಯನ್ನು ಐಸ್ ಪ್ಯಾಕ್ ಜೊತೆ ಕಳಿಸಬೇಡಿ. ನಮ್ಮ ಲ್ಯಾಬಿಗೆ ವ್ಯಾಕ್ಸಿನ್ ಕ್ಯಾರಿಯರ್‌ನಲ್ಲಿ ಬೆವರು ಹನಿ ಇಳಿಯೋ ಹಾಗೆ ತಣ್ಣಗಾದ ಬಾಟಲಿ ಬರೋದುಂಟು, ಎಲ್ಲಾ ಒಂದೇ ಡಬ್ಬದಲ್ಲಿ ಹೋಗಲಿ ಅಂತ ನೀರಿನ ಸ್ಯಾಂಪಲ್ ಜೊತೆ ಇಟ್ಟಿರ್ತಾರೆ. ನೀರಿನ ಸ್ಯಾಂಪಲ್‌ಗೆ ತಂಪು ಬೇಕು, ರಕ್ತದ ಬಾಟಲಿಗೆ ಬೇಡ.

ನೀರಿನ ಸ್ಯಾಂಪಲ್ ಬ್ಲೀಚಿಂಗ್ ಹಾಕೋ ಮುಂಚೆ ತೆಗೀರಿ. ಹತ್ತು ನಿಮಿಷದ ಕೆಲಸ, ಆದರೆ ಅದಕ್ಕೋಸ್ಕರ ಬ್ಲೀಚಿಂಗ್ ನಾಳೆಗೆ ಮುಂದೂಡಬೇಡಿ.

ಹೈಸ್ಕೂಲ್ ಮೇಷ್ಟ್ರು: ನನ್ನ ಮಗನಿಗೂ ಹೋದ ವರ್ಷ ಟೈಫಾಯಿಡ್ ಆಗಿತ್ತು. ಒಂದು ತಿಂಗಳು ಬರೀ ಗಂಜಿ, ಎಳನೀರು. ಪತ್ರಕ್ಕಿಂತ ಪಥ್ಯ ಮುಖ್ಯ ಅಂತ ನನ್ನ ಅನಿಸಿಕೆ. ಅಂದಹಾಗೆ ಈ ಊರು ಯಾವುದು? ನಮ್ಮ ನೆಂಟರ ಕಡೆಯದಾ?

ಕೇಳಿದವರು: ಊರು ಹೇಳಲ್ಲ ಮೇಷ್ಟ್ರೇ, ಕ್ಷಮಿಸಿ. ಪತ್ರ ರೆಡಿ ಆಯ್ತು. ನೀರುಗಂಟಿ ಹೇಳಿದ ಪ್ರಕಾರ ಮೇ ಮಧ್ಯದಲ್ಲಿ ವಾಲ್ವ್ ಹತ್ತಿರ ಪೈಪ್ ಸೋರ್ತಿತ್ತು, ಟ್ಯೂಬ್ ಸುತ್ತಿ ಬಿಟ್ಟಿದ್ದಾರೆ. ಬ್ಲೀಚಿಂಗ್ ಚೀಲ ನೋಡಿದೆ, ಬಾಯಿ ತೆರೆದು ಮೂಲೆಯಲ್ಲಿತ್ತು, ಘಾಟೇ ಇಲ್ಲ. ಪಂಚಾಯಿತಿಗೂ ಪ್ರತಿ ಇವತ್ತೇ ಕಳಿಸಲಾ, ಡಿಎಚ್‌ಒ ಹೇಳೋವರೆಗೂ ಕಾಯಲಾ?

ನಿವೃತ್ತ ಟಿಎಚ್‌ಒ: ಇವತ್ತೇ. ಹೆಸರಿನ ಪಟ್ಟಿ ಇಲ್ಲದೆ. ಹಳೇ ಚೀಲ ಬಿಟ್ಟು ಹೊಸ ಪೌಡರ್ ತರಿಸಿ, ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಟ್ಟು ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಅಳೆಯೋ ಕ್ಲೋರೋಸ್ಕೋಪ್ ಹಿಡೀರಿ. ಲೀಟರಿಗೆ 0.5 ಮಿಲಿಗ್ರಾಂ ಕಾಣಬೇಕು, ಮಾಮೂಲಿ ದಿನದ 0.2 ಸಾಲದು. ಟ್ಯಾಂಕ್ ಕೆಳಗಿನ ನಲ್ಲಿ ನೋಡಿ ಬರೋದಲ್ಲ.

ಒಬ್ಬ ಪಿಡಿಒ: ನಾನಾಗಿದ್ದರೆ ಲಿಖಿತ ಪ್ರತಿಗಿಂತ ಮೊದಲು ಒಂದು ಫೋನ್ ಬಯಸ್ತಿದ್ದೆ. ಪತ್ರ ಬಂದ ಮೇಲೆ ಎಲ್ಲರೂ ಉತ್ತರ ಬರೆಯೋಕೆ ಕೂರ್ತಾರೆ, ಪೈಪ್ ಹಾಗೇ ಇರುತ್ತೆ. ಟ್ಯೂಬ್ ಸುತ್ತಿದ ಜಾಗದ ಫೋಟೋ ಕಳಿಸಿ, ಅದು ಪತ್ರಕ್ಕಿಂತ ಬೇಗ ಓಡುತ್ತೆ.

ಲ್ಯಾಬ್ ಟೆಕ್ನಿಷಿಯನ್: ಫೋಟೋದಲ್ಲಿ ಪಕ್ಕದ ಚರಂಡಿನೂ ಬರಲಿ.